ಜಿಡ್ಡಿಗೂ ವಯಸ್ಸಿದೆ

ದಾವಣಗೆರೆಯಲ್ಲಿರುವ ಅಕ್ಕನ ಮನೆಯಲ್ಲಿ ಸಂಜೆಯಾದರೆ ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಕಾಯಲೇಬೇಕು. ಕಳೆದ ಸಲ ಹೋದಾಗ ಒಲೆಯ ಮುಂದೆ ನಿಂತಿದ್ದವಳು, "ಚಿಮಣಿ ಸದ್ದು ಮಾತ್ರ ಜೋರಾಗಿದೆ, ಹೊಗೆ ಎಳೀತಾನೇ ಇಲ್ಲ ನೋಡು" ಎಂದಳು. ನಾನು ಕೆಳಗಿನ ಫಿಲ್ಟರಿಗೆ ಬೆರಳು ತಾಗಿಸಿದೆ. ಹಲಸಿನ ಮೇಣಕ್ಕೆ ಸಿಕ್ಕಿಕೊಂಡಂತೆ ಬೆರಳು ಅಂಟಿತು. ತೊಳೆದು ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ, "ಇದು ಆಟೋ ಕ್ಲೀನ್ ಅಲ್ವಾ, ತೊಳೆಯೋದು ಯಾಕೆ?" ಎಂದಳು. ನಾಲ್ಕು ತಿಂಗಳು ಆಗಿತ್ತು. ಅವಳ ಚಿಮಣಿಯಲ್ಲಿ ಆ ಗುಂಡಿ ಒತ್ತಿದರೆ ಒಳಗಿನ ಫ್ಯಾನಿನ ಸುತ್ತ ಬಿಸಿಯಾಗಿ, ಅಲ್ಲಿ ಹಿಡಿದ ಜಿಡ್ಡು ಕರಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಒಲೆಗೆ ಮುಖಮಾಡಿದ ಫಿಲ್ಟರನ್ನು ಅದು ತೊಳೆಯುವುದಿಲ್ಲ.

ಒಗ್ಗರಣೆಗೆ ಕರಿಬೇವು ಬಿದ್ದಾಗ ಆಗುವ ಚಟಪಟದಲ್ಲೇ ಈ ಜಿಡ್ಡಿನ ಹುಟ್ಟು ಇದೆ. ಎಲೆಯಲ್ಲಿರುವ ನೀರು ಕಾದ ಎಣ್ಣೆಯಲ್ಲಿ ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ, ಜೊತೆಗೆ ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನೂ ಎತ್ತಿ ಎಸೆಯುತ್ತದೆ. ಚಿಮಣಿ ಈ ಗಾಳಿಯನ್ನು ಮೇಲಕ್ಕೆ ಎಳೆಯುವಾಗ ಫಿಲ್ಟರಿನ ಮಡಿಕೆಗಳಲ್ಲಿ ಅದು ತಿರುಗಿ ತಿರುಗಿ ಹೋಗಬೇಕು. ಗಾಳಿ ಸುಲಭವಾಗಿ ತಿರುಗುತ್ತದೆ. ಭಾರವಾದ ಎಣ್ಣೆ ಹನಿ ತಿರುಗಲಾರದೆ ಲೋಹಕ್ಕೆ ಬಡಿದು ಅಲ್ಲೇ ಕೂರುತ್ತದೆ.

ಕುಳಿತ ದಿನ ಅದಿನ್ನೂ ಬರೀ ಎಣ್ಣೆ, ಬಟ್ಟೆಯಲ್ಲಿ ಒರೆಸಿದರೂ ಬರುತ್ತದೆ. ಆದರೆ ನಾವು ಹೆಚ್ಚಾಗಿ ಬಳಸುವ ಸೂರ್ಯಕಾಂತಿ ಎಣ್ಣೆಯಂಥವು ಗಾಳಿ ಮತ್ತು ಬಿಸಿ ತಾಗುತ್ತಿದ್ದರೆ ಸುಮ್ಮನಿರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಅದರ ಕಣಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೆಲವು ವಾರಗಳಲ್ಲಿ ಅಂಟಾಗುತ್ತದೆ, ತಿಂಗಳುಗಳು ಕಳೆದರೆ ಜೇನಿನ ಬಣ್ಣಕ್ಕೆ ತಿರುಗಿ ವಾರ್ನಿಷಿನಂತೆ ಗಟ್ಟಿಯಾಗುತ್ತದೆ. ತವೆಯ ಅಂಚಿನಲ್ಲಿ ಕೂರುವ ಕಂದು ಪದರವೂ ಇದೇ. ತೆಂಗಿನೆಣ್ಣೆ ಹೀಗೆ ಬೇಗ ಗಟ್ಟಿಯಾಗುವ ಜಾತಿಯದಲ್ಲ. ಹಾಗಾಗಿ ಫಿಲ್ಟರ್ ತೊಳೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಜಿಡ್ಡಿಗೆ ವಯಸ್ಸೆಷ್ಟು ಎಂಬುದು.

ಇನ್ನೊಂದು ಪ್ರಶ್ನೆಯೂ ಇದೆ: ಫಿಲ್ಟರ್ ಯಾವ ಲೋಹದ್ದು? ಅಕ್ಕನ ಮನೆಯಲ್ಲಿದ್ದದ್ದು ಉದ್ದುದ್ದ ಪಟ್ಟಿಗಳ ಸ್ಟೀಲಿನ ಬ್ಯಾಫಲ್ ಫಿಲ್ಟರ್. ಹಲವು ಚಿಮಣಿಗಳಲ್ಲಿ ಸೊಳ್ಳೆ ಪರದೆಯಂಥ ಅಲ್ಯೂಮಿನಿಯಂ ಬಲೆಗಳನ್ನು ಪದರ ಪದರವಾಗಿ ಜೋಡಿಸಿದ ಜಾಲರಿ ಇರುತ್ತದೆ. ಅದು ಕೈಗೆ ಹಗುರ, ಒತ್ತಿದರೆ ಬಾಗುತ್ತದೆ. ಆಯಸ್ಕಾಂತ ಅಂಟಿದರೆ ಸ್ಟೀಲೆಂದು ಖಚಿತ. ಅಂಟಲಿಲ್ಲವೆಂದ ಮಾತ್ರಕ್ಕೆ ಅಲ್ಯೂಮಿನಿಯಂ ಎನ್ನುವ ಹಾಗಿಲ್ಲ, ಆಯಸ್ಕಾಂತಕ್ಕೆ ಅಂಟದ ಸ್ಟೀಲೂ ಇದೆ. ಈ ವ್ಯತ್ಯಾಸ ಗೊತ್ತಿಲ್ಲದೆ ನನ್ನ ಪಕ್ಕದ ಮನೆಯವರು ಜಾಲರಿಯನ್ನು ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿಯಿಡೀ ನೆನೆಹಾಕಿದ್ದರು. ಬೆಳಿಗ್ಗೆ ಜಿಡ್ಡೇನೋ ಹೋಗಿತ್ತು, ಜೊತೆಗೆ ತಂತಿಯೂ ಅರ್ಧ ಸವೆದು ಕಪ್ಪಾಗಿತ್ತು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಆಗ ಬುಸುಗುಡುತ್ತ ಏಳುವ ಗುಳ್ಳೆ ಜಲಜನಕದ್ದು, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಚರ್ಮಕ್ಕೂ ಕಣ್ಣಿಗೂ ಅದು ಅಷ್ಟೇ ಅಪಾಯ. ಅಡುಗೆಮನೆಗೆ ಅದನ್ನು ತರಲೇಬಾರದು ಎಂಬುದು ನನ್ನ ಅಭಿಪ್ರಾಯ.

ಅಕ್ಕನ ಫಿಲ್ಟರಿಗೆ ನಾವು ಬಳಸಿದ್ದು ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ನಮ್ಮಜ್ಜಿ ಎಣ್ಣೆ ಪಾತ್ರೆಯನ್ನು ಒಲೆಯ ಬೂದಿಯಲ್ಲಿ ತಿಕ್ಕುತ್ತಿದ್ದಳಲ್ಲ, ಕೆಲಸ ಅದೇ. ಸೌದೆಯ ಬೂದಿಯಲ್ಲಿಯೂ ಇಂಥದ್ದೇ ಕ್ಷಾರವಿದೆ. ಬಿಸಿನೀರಲ್ಲಿ ಕ್ಷಾರ ಸೇರಿದಾಗ ಜಿಡ್ಡಿನ ಒಂದು ಭಾಗ ಸಾಬೂನೇ ಆಗಿಬಿಡುತ್ತದೆ, ಆ ಸಾಬೂನು ಉಳಿದ ಜಿಡ್ಡನ್ನು ಹಿಡಿದೆಳೆಯುತ್ತದೆ.

ಚಿಮಣಿಯ ಸ್ವಿಚ್ ಆರಿಸಿ, ತಣ್ಣಗಾದ ಮೇಲೆ, ಒಲೆಯ ಮೇಲೆ ಹಳೆಯ ಪೇಪರ್ ಹಾಸಿ ಎರಡೂ ಫಿಲ್ಟರ್ ಇಳಿಸಿದೆವು. ಹಿಡಿ ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಮೊದಲು ಪೇಪರಿನಿಂದ ದಪ್ಪ ಜಿಡ್ಡನ್ನು ಒರೆಸಿ ಕಸಕ್ಕೆ ಹಾಕಿದೆವು. ಈ ಕೆಲಸವನ್ನು ಯಾರೂ ಬಿಡಬಾರದು, ಇಲ್ಲದಿದ್ದರೆ ಅಷ್ಟೂ ಜಿಡ್ಡು ಸಿಂಕಿನ ಪೈಪಿಗಿಳಿದು ಅಲ್ಲಿ ತಣ್ಣಗಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಸುಮಾರು ಹತ್ತು ಲೀಟರ್ ನೀರು, ಕೈ ಇಡಲಾಗದಷ್ಟು ಬಿಸಿ. ಅದಕ್ಕೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ, ಎರಡು ಚಮಚ ಪಾತ್ರೆ ತೊಳೆಯುವ ದ್ರವ. ರಬ್ಬರ್ ಗ್ಲೌಸ್ ಹಾಕಿಕೊಂಡೇ ಫಿಲ್ಟರನ್ನು ಮುಳುಗಿಸಿದೆವು.

"ನಿಂಬೆಹಣ್ಣು ಹಿಂಡಲಾ?" ಎಂದಳು ಅಕ್ಕ. ಬೇಡವೆಂದೆ. ನಿಂಬೆ, ವಿನೆಗರ್ ಹುಳಿ; ಸೋಡಾ ಕ್ಷಾರ. ಎರಡೂ ಸೇರಿದರೆ ನೊರೆ ಉಕ್ಕುವುದು ನೋಡಲು ಚೆಂದ, ಆದರೆ ಒಂದರ ಬಲವನ್ನು ಇನ್ನೊಂದು ಕಳೆದುಬಿಡುತ್ತದೆ.

ನಲವತ್ತು ನಿಮಿಷಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿದ್ದೇ ತಡ, ಪಟ್ಟಿಗಳ ಮೇಲ್ಮೈ ಹೊಳೆಯತೊಡಗಿತು. ಆದರೆ ಎಣ್ಣೆ ಹರಿದು ನಿಲ್ಲುವ ಕೆಳಗಿನ ಮಡಿಕೆಗಳಲ್ಲಿ ಜೇನುಬಣ್ಣದ ಪದರ ಹಾಗೇ ಕೂತಿತ್ತು. ನಾಲ್ಕು ತಿಂಗಳ ವಯಸ್ಸಿನದು ಅದೇ. ಅಲ್ಲಿಗೆ ಸೋಡಾವನ್ನು ಚೂರು ನೀರಲ್ಲಿ ಕಲಸಿ ಮೆತ್ತಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟೆವು. ತೆಂಗಿನ ಗರಿಯ ಪೊರಕೆ ಕಡ್ಡಿಯಿಂದ ಕೆರೆದಾಗ ಪದರ ಚಕ್ಕೆ ಚಕ್ಕೆಯಾಗಿ ಎದ್ದಿತು. ಸ್ಟೀಲ್ ನಾರಿನಿಂದ ತಿಕ್ಕಿದ್ದರೆ ಗೀರು ಬಿದ್ದು, ಮುಂದಿನ ಜಿಡ್ಡಿಗೆ ಇನ್ನೂ ಒಳ್ಳೆಯ ಹಿಡಿತ ಸಿಗುತ್ತಿತ್ತು. ಕೊನೆಗೂ ಎರಡು ಮೂಲೆಗಳಲ್ಲಿ ಹಳದಿ ಕಲೆ ಉಳಿಯಿತು. ಬೆರಳಿಗೆ ಅಂಟದ, ಗಾಳಿಗೆ ಅಡ್ಡಬರದ ಕಲೆಯನ್ನು ಬಿಟ್ಟುಬಿಡುವುದೇ ಸರಿ.

ಅಲ್ಯೂಮಿನಿಯಂ ಜಾಲರಿಯಾಗಿದ್ದರೆ ವಾಷಿಂಗ್ ಸೋಡಾವೂ ಬೇಡ, ಅದರಿಂದ ಲೋಹ ಮಂಕಾಗುತ್ತದೆ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ತುಸು ಧಾರಾಳವಾಗಿ ಹಾಕಿ ಇಪ್ಪತ್ತು ನಿಮಿಷ ನೆನೆಸಿ, ಮೆತ್ತಗೆ ಬ್ರಷ್ ಮಾಡಿ, ಹಿಂಬದಿಯಿಂದ ನೀರು ಬಿಡಬೇಕು. ಅಡುಗೆ ಸೋಡಾ ಹಾಕಿ ಕುದಿಸಿದರಾಯಿತು ಎನ್ನುವವರಿದ್ದಾರೆ. ಕುದಿಯುವ ನೀರಿನಲ್ಲಿ ಅಡುಗೆ ಸೋಡಾ ನಿಧಾನಕ್ಕೆ ವಾಷಿಂಗ್ ಸೋಡಾವೇ ಆಗುತ್ತದೆ ಎಂಬುದು ನೆನಪಿರಲಿ. ತೊಳೆದ ಜಾಲರಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡು ಸಲ ತೊಳೆದ ಮೇಲೂ ಬೆಳಕು ಅಲ್ಲಲ್ಲಿ ಕಾಣದಿದ್ದರೆ ಒಳಪದರಗಳಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿದೆ, ಅಲ್ಲಿಗೆ ಬ್ರಷ್ ತಲುಪುವುದಿಲ್ಲ. ಆಗ ಹೊಸ ಜಾಲರಿ ತರುವುದೇ ದಾರಿ.

ಫಿಲ್ಟರುಗಳನ್ನು ಬಿಸಿನೀರಲ್ಲಿ ಜಾಲಿಸಿ, ತಾರಸಿಯ ಬಿಸಿಲಿಗೆ ಓರೆಯಾಗಿ ನಿಲ್ಲಿಸಿದೆವು. ಮಡಿಕೆಯೊಳಗಿನ ನೀರು ಪೂರ್ತಿ ಆರಿದ ಮೇಲೆಯೇ ಅವನ್ನು ಮತ್ತೆ ಏರಿಸಿದ್ದು. ಒಲೆ ಹಚ್ಚುವ ಮೊದಲು ಚಿಮಣಿ ಹಾಕಿ, ನೋಟ್‌ಬುಕ್ಕಿನ ಒಂದು ಹಾಳೆಯನ್ನು ಫಿಲ್ಟರಿನ ಕೆಳಗೆ ಹಿಡಿದೆ. ತೊಳೆಯುವ ಮೊದಲು ಕೈ ಬಿಟ್ಟೊಡನೆ ಜಾರಿ ಬಿದ್ದಿದ್ದ ಹಾಳೆ ಈಗ ಮೇಲಕ್ಕೆ ಹಾರಿ ಅಂಟಿಕೊಂಡಿತು.

ಇಪ್ಪತ್ತು ದಿನ ಬಿಟ್ಟು ಅಕ್ಕ ಫೋನ್ ಮಾಡಿದ್ದಳು. ಫಿಲ್ಟರ್ ಇಳಿಸಿ, ಬರೀ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವದಲ್ಲಿ ಅದ್ದಿದಳಂತೆ. ಸೋಡಾ ಡಬ್ಬಿ ತೆರೆಯಲೇ ಇಲ್ಲ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು ಎಂದಳು.