ಎಳೆಯರ ಕುಸ್ತಿ: ಮೊದಲು ಕಾಲು, ಆಮೇಲೆ ಕೈ

ಮೈಸೂರಿನ ಗರಡಿಮನೆಯೊಂದಕ್ಕೆ ಹೋಗಿ ಮಟ್ಟಿಯ ಅಂಚಿನಲ್ಲಿ ನಿಂತು ನೋಡುವವರ ಕಣ್ಣು ಸಾಮಾನ್ಯವಾಗಿ ಪೈಲ್ವಾನರ ತೋಳುಗಳ ಮೇಲಿರುತ್ತದೆ. ಉಸ್ತಾದರ ಕಣ್ಣಾದರೋ ಅವರ ಪಾದಗಳ ಮೇಲೆ. ಬೀಳುವವನು ಬೀಳುವುದಕ್ಕೆ ಮುಂಚೆಯೇ ಅವನ ಕಾಲು ಆ ಸುದ್ದಿಯನ್ನು ಹೇಳಿಬಿಡುತ್ತದೆ. ಶಾಲೆಯ ಹುಡುಗರಿಗೆ ಕುಸ್ತಿ ಕಲಿಸಿದರೆ ಕೈಕಾಲು ಮುರಿದುಕೊಂಡಾರೆಂದು ತಂದೆತಾಯಿಗಳು ಅಂಜುವುದುಂಟು. ಈ ಅಂಜಿಕೆ ನಿರಾಧಾರವಾದುದಲ್ಲ. ನಿಲ್ಲಲು ಮತ್ತು ಬೀಳಲು ಬಾರದ ಹುಡುಗನಿಗೆ ಹಿಡಿಯಲು ಹೇಳಿಕೊಟ್ಟಾಗಲೇ ಕೇಡು ಸಂಭವಿಸುವುದು. ಆದುದರಿಂದ ನಾವು ಈ ಮೂರು ಪಾಠಗಳನ್ನು ಕ್ರಮವಾಗಿ ವಿವರಿಸುವೆವು.

ಮೊದಲನೆಯದು ನಿಲುವು. ಪಾದಗಳ ನಡುವೆ ಹೆಗಲಗಲದ ಅಂತರವಿರಲಿ. ಒಂದು ಪಾದ ಅರ್ಧ ಹೆಜ್ಜೆ ಮುಂದಿರಲಿ. ಮೊಣಕಾಲು ಸ್ವಲ್ಪ ಮಡಿದು, ಸೊಂಟ ತಗ್ಗಿ, ಮೊಣಕೈಗಳು ಪಕ್ಕೆಗೆ ಹತ್ತಿರವಾಗಿರಬೇಕು. ತಲೆಯನ್ನು ಬಗ್ಗಿಸಕೂಡದು, ಎದುರಾಳಿಯ ಎದೆಯನ್ನು ನೋಡುತ್ತಿರಬೇಕು. ಸರಿಯುವಾಗ ಕಾಲುಗಳು ಒಂದನ್ನೊಂದು ದಾಟಬಾರದು. ಒಂದು ಪಾದ ಜರುಗಿದ ಮೇಲೆ ಇನ್ನೊಂದು ಅದನ್ನು ಹಿಂಬಾಲಿಸಬೇಕು.

ಈ ನಿಲುವಿಗೂ ಒಂದು ದುರ್ಬಲವಾದ ದಿಕ್ಕುಂಟು. ಕೇಳುಗರು ಈಗಲೇ ಎದ್ದು ನಿಂತು ಇದನ್ನು ಪರೀಕ್ಷಿಸಬಹುದು. ಬಲಗಾಲನ್ನು ಮುಂದಿಟ್ಟು, ಎರಡು ಪಾದಗಳನ್ನೂ ಕೂಡಿಸುವ ಗೆರೆಯೊಂದನ್ನು ನೆಲದ ಮೇಲೆ ಎಳೆದಂತೆ ಭಾವಿಸಿರಿ. ಆ ಗೆರೆಯ ಉದ್ದಕ್ಕೆ ಯಾರಾದರೂ ತಳ್ಳಿದರೆ ಒಂದು ಕಾಲು ಊರುಗೋಲಾಗಿ ತಡೆಯುತ್ತದೆ. ಗೆರೆಗೆ ಅಡ್ಡವಾಗಿ, ಎಂದರೆ ಎಡಮುಂದಕ್ಕೆ ಎಳೆದರೆ ಅಲ್ಲಿ ಆಸರೆಯಾಗಲು ಕಾಲೇ ಇಲ್ಲ. ಮೈಯ ಭಾರ ಪಾದಗಳ ನಡುವಣ ನೆಲವನ್ನು ಬಿಟ್ಟು ಹೊರಕ್ಕೆ ಹೋದೊಡನೆ ಹುಡುಗನು ಹೆಜ್ಜೆ ಇಡಬೇಕು, ಇಲ್ಲವೇ ಬೀಳಬೇಕು. ಕುಸ್ತಿಯ ಪಟ್ಟುಗಳಲ್ಲಿ ಬಹುಪಾಲಿಗೆ ಇದೇ ಮೂಲ.

ಎರಡನೆಯದು ಬೀಳುವ ಪಾಠ. ಬೀಳುವಾಗ ಕೈಯನ್ನು ಚಾಚಿ ಊರುವುದು ಮನುಷ್ಯನ ಸಹಜಗುಣ. ಆದರೆ ಆಗ ಮೈಯ ಭಾರವೆಲ್ಲ ಒಂದೇ ಕೈಯ ಮೇಲೆ ಬಿದ್ದು, ಮಣಿಕಟ್ಟಿನ ಎಲುಬಾಗಲಿ ಹೆಗಲ ಮುಂದಿನ ಎಲುಬಾಗಲಿ ಮುರಿಯಬಹುದು. ಆದುದರಿಂದ ಹುಡುಗನನ್ನು ಮೊದಲು ಕುಕ್ಕರಗಾಲಿನಲ್ಲಿ ಕೂರಿಸಿ, ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಹಿಂದಕ್ಕೆ ಉರುಳಲು ಹೇಳಬೇಕು. ತಲೆ ನೆಲಕ್ಕೆ ತಾಗದೆ ಹತ್ತು ಬಾರಿ ಉರುಳಿದವನು ಮಾತ್ರ ಅರ್ಧ ಎದ್ದ ನಿಲುವಿನಿಂದ ಅದನ್ನೇ ಮಾಡಲಿ. ನೆಲ ಚೆನ್ನಾಗಿ ಅಗೆದು ಕಲ್ಲು ಆಯ್ದ ಮಟ್ಟಿಯಾಗಿರಬೇಕು, ಇಲ್ಲವೇ ದಪ್ಪನೆಯ ಚಾಪೆ ಹಾಸಿರಬೇಕು. ಶಾಲೆಯ ಗಟ್ಟಿ ಅಂಗಳ ಇದಕ್ಕೆ ಸಲ್ಲದು.

ಇನ್ನು ಹಿಡಿತ. ತೂಕದಲ್ಲಿಯೂ ಎತ್ತರದಲ್ಲಿಯೂ ಸಮಾನರಾದ ಇಬ್ಬರನ್ನು, ಉಗುರು ಕತ್ತರಿಸಿದೆಯೆ, ಚರ್ಮದಲ್ಲಿ ಹುಳುಕಡ್ಡಿಯಾಗಲಿ ಹಸಿ ಗಾಯವಾಗಲಿ ಇದೆಯೆ ಎಂದು ನೋಡಿ ಎದುರುಬದುರು ನಿಲ್ಲಿಸಬೇಕು. ಅವರನ್ನು ರಾಮ, ಭೀಮ ಎನ್ನೋಣ. ರಾಮನ ಬಲಗಾಲು ಮುಂದಿದೆ. ಭೀಮನು ತನ್ನ ಎಡ ಅಂಗೈಯನ್ನು ರಾಮನ ಬಲಹೆಗಲಿನ ಮೇಲಿಡುತ್ತಾನೆ. ಬಲಗೈಯಿಂದ ಅವನ ಎಡಮೊಣಕೈಯ ಹಿಂಬದಿಯನ್ನು ಹಿಡಿಯುತ್ತಾನೆ. ಗರಡಿಯಲ್ಲಿ ಕತ್ತಿನ ಹಿಂಬದಿಗೆ ಕೈ ಹಾಕುವುದುಂಟು. ಎಳೆಯರಿಗೆ ಹೆಗಲೇ ಸಾಕು. ಹೆಬ್ಬೆರಳು ಬೇರೆ ಬೆರಳುಗಳೊಡನೆ ಕೂಡಿಕೊಂಡೇ ಇರಬೇಕು. ಬಿಡಿಯಾಗಿ ಚಾಚಿದ ಹೆಬ್ಬೆರಳು ಸುಲಭವಾಗಿ ಉಳುಕುತ್ತದೆ. ಈಗ ಭೀಮನು ತನ್ನ ಬಲಗಾಲನ್ನು ಹಿಂದಕ್ಕಿಟ್ಟು, ಆ ಮೊಣಕೈಯನ್ನು ತನ್ನ ಬಲಹಿಂದಕ್ಕೆ ಮೆಲ್ಲನೆ ಸೆಳೆಯುತ್ತಾನೆ. ಅದೇ ರಾಮನ ಎಡಮುಂದಿನ ಬರಿದಾದ ದಿಕ್ಕು. ರಾಮನ ಎಡಗಾಲು ಹೆಜ್ಜೆ ಇಟ್ಟೇ ತೀರಬೇಕು. ಹೆಜ್ಜೆ ಕದಲಿದೊಡನೆ ಭೀಮನಿಗೆ ಗೆಲುವು, ಆಟ ಮುಕ್ತಾಯ. ಬೀಳಿಸುವ ಮಾತೇ ಇಲ್ಲ.

ಸೆಳೆದರೂ ರಾಮನು ಕದಲದಿದ್ದರೆ ಭೀಮನು ತಪ್ಪು ದಿಕ್ಕಿಗೆ ಸೆಳೆಯುತ್ತಿದ್ದಾನೆಂದು ತಿಳಿಯತಕ್ಕದ್ದು. ಆಗ ಅವನು ಬಲವನ್ನು ಹೆಚ್ಚಿಸುವುದು ಸಹಜ. ಅಪಾಯ ಹುಟ್ಟುವುದೂ ಅಲ್ಲಿಯೇ. ಅದನ್ನು ತಡೆಯುವುದಕ್ಕೆಂದೇ ಉಪಾಧ್ಯಾಯರು ಕೈಯಳತೆಯಲ್ಲಿ ನಿಂತು, ಒಂದು ಸಲಕ್ಕೆ ಒಂದೇ ಜೋಡಿಯನ್ನು ಆಡಿಸಬೇಕು. ಉಸಿರು ಬಿಗಿಹಿಡಿದಿರುವುದು, ಮೊಣಕಾಲು ನೆಟ್ಟಗಾಗುವುದು, ತಲೆ ಬಗ್ಗುವುದು, ಇವುಗಳಲ್ಲಿ ಒಂದು ಕಂಡರೂ “ಬಿಡು” ಎನ್ನಬೇಕು. ಎದುರಾಳಿಯ ಮೈಯನ್ನು ಎರಡು ಸಲ ತಟ್ಟಿದರೂ ಅದೇ ಅರ್ಥ. ಕೈ ತಕ್ಷಣ ಸಡಿಲಬೇಕು.

ಕೊರಳನ್ನು ತೋಳಿನಿಂದ ಸುತ್ತುವುದು, ಕೀಲನ್ನು ತಿರುಚುವುದು, ಎತ್ತಿ ಹಾಕುವುದು ಈ ತರಗತಿಗೆ ಸೇರಿದುವಲ್ಲ. ತಲೆಗೆ ಪೆಟ್ಟು ಬಿದ್ದವನು ಚೆನ್ನಾಗಿದ್ದೇನೆಂದರೂ ಆ ದಿನ ಮತ್ತೆ ಮಟ್ಟಿಗಿಳಿಯಬಾರದು. ತಲೆನೋವು, ವಾಕರಿಕೆ, ಮಂಕು ಕಂಡರೆ ಒಡನೆಯೇ ವೈದ್ಯರಿಗೆ ತೋರಿಸಬೇಕು. ಕತ್ತು ನೋಯುತ್ತದೆಂದವನನ್ನು ಎಬ್ಬಿಸದೆ, ಅಲ್ಲಾಡಿಸದೆ, ವೈದ್ಯರನ್ನೇ ಅಲ್ಲಿಗೆ ಕರೆಸಬೇಕು.

ತಮ್ಮ ಮಗನ ಪಾಠವನ್ನು ನೋಡಹೋಗುವ ತಂದೆತಾಯಿಗಳು ಎಷ್ಟು ಪಟ್ಟು ಕಲಿತೆಯೆಂದು ಕೇಳದಿರಲಿ. ಹಿಂದಕ್ಕೆ ಉರುಳಿ ತೋರಿಸೆಂದು ಹೇಳಲಿ. ಅವನ ಗದ್ದ ಎದೆಗೆ ಅಂಟಿದ್ದು, ಕೈಗಳು ನೆಲವನ್ನು ಹುಡುಕದಿದ್ದರೆ ಪಾಠ ಸರಿಯಾದ ಕ್ರಮದಲ್ಲಿ ಸಾಗಿದೆಯೆಂದು ತಿಳಿಯಬಹುದು.