ಆದ್ಯತಾ ಷೇರು: ಯಾರಿಗಿಂತ ಮುಂದೆ, ಯಾರಿಗಿಂತ ಹಿಂದೆ

ಭಾರತದ ಕಂಪನಿ ಕಾಯ್ದೆ, 2013ರ ಪ್ರಕಾರ ಕಂಪನಿಯ ಷೇರು ಬಂಡವಾಳದಲ್ಲಿ ಎರಡೇ ಬಗೆ: ಈಕ್ವಿಟಿ ಮತ್ತು ಆದ್ಯತಾ ಷೇರು. ಡಿವಿಡೆಂಡ್ ಹಂಚುವಾಗಲೂ, ಕಂಪನಿ ಮುಚ್ಚಿದಾಗ ಬಂಡವಾಳ ಹಿಂದಿರುಗಿಸುವಾಗಲೂ ಆದ್ಯತಾ ಷೇರುದಾರರಿಗೆ ಮೊದಲು ಕೊಟ್ಟು, ಉಳಿದದ್ದನ್ನು ಈಕ್ವಿಟಿ ಷೇರುದಾರರಿಗೆ ಕೊಡಬೇಕು.

ಒಂದು ಕಂಪನಿಯಲ್ಲಿ 1 ಕೋಟಿ ರೂಪಾಯಿಯ ಶೇ 9ರ ಆದ್ಯತಾ ಷೇರುಗಳೂ 2 ಕೋಟಿಯ ಈಕ್ವಿಟಿ ಷೇರುಗಳೂ ಇವೆ ಎನ್ನೋಣ. ಆದ್ಯತಾ ಷೇರುದಾರರ ಪಾಲು ವರ್ಷಕ್ಕೆ 9 ಲಕ್ಷ. ಆದರೆ ಇದು ಸಾಲದ ಬಡ್ಡಿಯಲ್ಲ. ಲಾಭವಿಲ್ಲದಿದ್ದರೆ, ಅಥವಾ ಲಾಭವಿದ್ದೂ ಕಂಪನಿ ಡಿವಿಡೆಂಡ್ ಘೋಷಿಸದಿದ್ದರೆ, ಅದನ್ನು ಸಾಲದಂತೆ ವಸೂಲಿ ಮಾಡಲು ಬರುವುದಿಲ್ಲ. ಮೊದಲ ಎರಡು ವರ್ಷ ಕಂಪನಿ ಏನನ್ನೂ ಕೊಡದೆ, ಮೂರನೆಯ ವರ್ಷ 40 ಲಕ್ಷ ಹಂಚಲು ಮುಂದಾಯಿತು ಎಂದುಕೊಳ್ಳೋಣ. ಷೇರು ಸಂಚಿತ ಬಗೆಯದಾಗಿದ್ದರೆ ಹಳೆಯ ಬಾಕಿಯೂ ಸೇರಿ 27 ಲಕ್ಷ ಮೊದಲು ಆದ್ಯತಾ ಷೇರುದಾರರಿಗೆ ಹೋಗುತ್ತದೆ. ಈಕ್ವಿಟಿಗೆ ಉಳಿಯುವುದು 13 ಲಕ್ಷ. ಸಂಚಿತವಲ್ಲದ ಷೇರಾದರೆ ಹಿಂದಿನ 18 ಲಕ್ಷ ಕೈಬಿಟ್ಟಂತೆಯೇ. ಆದ್ದರಿಂದ ಷೇರು ಕೊಳ್ಳುವವರು ಬಡ್ಡಿದರದಂತೆ ಕಾಣುವ ಶೇಕಡಾವಾರಿಗಿಂತ ಮೊದಲು ಈ ಒಂದು ಷರತ್ತನ್ನು ಓದಬೇಕು.

ಮರುವರ್ಷ ಹಂಚುವ ಮೊತ್ತ 90 ಲಕ್ಷಕ್ಕೆ ಏರಿದರೂ ಸಾಮಾನ್ಯ ಆದ್ಯತಾ ಷೇರಿಗೆ ಅದೇ 9 ಲಕ್ಷ. ಮಿಕ್ಕ 81 ಲಕ್ಷವೂ ಈಕ್ವಿಟಿಯವರದು. ಮೊದಲ ಸಾಲಿನಲ್ಲಿ ನಿಲ್ಲುವುದಕ್ಕೆ ತೆರಬೇಕಾದ ಬೆಲೆ ಇದು. ಇನ್ನೊಂದು ಬೆಲೆ ಮತದಾನದ್ದು. ತಮ್ಮ ಹಕ್ಕಿಗೆ ನೇರವಾಗಿ ತಟ್ಟುವ ನಿರ್ಣಯಗಳು, ಕಂಪನಿಯ ಮುಚ್ಚುವಿಕೆ, ಬಂಡವಾಳದ ಮರುಪಾವತಿ ಅಥವಾ ಕಡಿತ ಇಷ್ಟರಲ್ಲಿ ಮಾತ್ರ ಆದ್ಯತಾ ಷೇರುದಾರರು ಮತ ಹಾಕಬಹುದು. ಎರಡು ವರ್ಷ ಅಥವಾ ಹೆಚ್ಚು ಕಾಲ ಡಿವಿಡೆಂಡ್ ಬಾರದಿದ್ದರೆ ಮಾತ್ರ ಎಲ್ಲ ನಿರ್ಣಯಗಳಿಗೂ ಅವರಿಗೆ ಮತ ಸಿಗುತ್ತದೆ.

ಆಸ್ತಿಯ ಹಕ್ಕಿನಲ್ಲಿ ಹೆಚ್ಚಿನವರು ಎಡವುವುದು ‘ಆದ್ಯತೆ’ ಎಂದರೆ ಎಲ್ಲರಿಗಿಂತ ಮೊದಲು ಎಂದುಕೊಂಡು. ದಿವಾಳಿ ಸಂಹಿತೆ, 2016ರಡಿ ಕಂಪನಿ ಮುಚ್ಚಿದರೆ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರ ಬಾಕಿ, ಭದ್ರತೆಯುಳ್ಳ ಸಾಲ, ನೌಕರರ ಸಂಬಳ, ಭದ್ರತೆಯಿಲ್ಲದ ಸಾಲ, ಸರ್ಕಾರದ ತೆರಿಗೆ ಹಾಗೂ ಉಳಿದ ಸಾಲಗಳೆಲ್ಲ ತೀರಿದ ಮೇಲೆಯೇ ಆದ್ಯತಾ ಷೇರಿನ ಸರದಿ. ಅದರ ಹಿಂದೆ ಇರುವುದು ಈಕ್ವಿಟಿ ಒಂದೇ.

ನಮ್ಮ ಕಂಪನಿಯ ಆಸ್ತಿ ಮಾರಿ 5 ಕೋಟಿ ಬಂತು, ವೆಚ್ಚ ಮತ್ತು ಸಾಲಕ್ಕೆ 4 ಕೋಟಿ 20 ಲಕ್ಷ ಹೋಯಿತು ಎಂದರೆ ಉಳಿದ 80 ಲಕ್ಷವಷ್ಟೂ ಆದ್ಯತಾ ಷೇರುದಾರರಿಗೆ. ಅವರಿಗೂ 20 ಲಕ್ಷ ನಷ್ಟ, ಈಕ್ವಿಟಿಯವರಿಗೆ ಏನೂ ಇಲ್ಲ. ಸಾಲವೇ 5 ಕೋಟಿಯಿದ್ದಿದ್ದರೆ ಇಬ್ಬರಿಗೂ ಬರಿಗೈ. ಸಾಲ 1 ಕೋಟಿ ಮಾತ್ರವಿದ್ದರೆ ಉಳಿದ 4 ಕೋಟಿಯಲ್ಲಿ ಆದ್ಯತಾ ಬಂಡವಾಳ 1 ಕೋಟಿ ಹೋಗಿ, 3 ಕೋಟಿ ಈಕ್ವಿಟಿಗೆ ಸಲ್ಲುತ್ತದೆ. ಸಂದಾಯವಾಗದ ಹಳೆಯ ಡಿವಿಡೆಂಡ್ ಈ ಹಂತದಲ್ಲಿ ಸಿಗುವುದೇ ಎಂಬುದು ಕಂಪನಿಯ ನಿಯಮಾವಳಿ ಮತ್ತು ಷೇರಿನ ಷರತ್ತುಗಳನ್ನು ಅವಲಂಬಿಸಿದೆ.