ಬೀಳುವ ಮಳೆಹನಿಗೂ ಗಾಳಿಗೂ ನಡುವೆ ಶಾಖ

ಅಂತಿಮ ವೇಗದ ಪಾಠ ಕೇಳಿದಾಗಿನಿಂದ ನನಗೊಂದು ಕುತೂಹಲ: ಬೀಳುವ ಮಳೆಹನಿಗೂ ಗಾಳಿಗೂ ನಡುವೆ ಶಾಖ ಎಷ್ಟು ಬೇಗ ಸಾಗುತ್ತದೆ? ಗಾಳಿ ನೇರವಾಗಿ ಬಡಿಯುವ ಕೆಳಭಾಗದಲ್ಲಿ ಅದು ಹೆಚ್ಚು, ಬದಿಗಳಲ್ಲಿ ಕಡಿಮೆ. ಆದ್ದರಿಂದ ಇಡೀ ಮೇಲ್ಮೈಗೆ ಸರಾಸರಿ ಗುಣಾಂಕ h ಬಳಸುತ್ತಾರೆ. ಅದಕ್ಕೆ ರಾಂಜ್ ಮತ್ತು ಮಾರ್ಷಲ್ 1952ರಲ್ಲಿ ಕೊಟ್ಟ ಸೂತ್ರ ಇದು:

Nu = hd/k = 2 + 0.6 Re^(1/2) Pr^(1/3)

ಇಲ್ಲಿ d ಹನಿಯ ವ್ಯಾಸ, k ಗಾಳಿಯ ಉಷ್ಣವಾಹಕತೆ. ರೆನಾಲ್ಡ್ಸ್ ಸಂಖ್ಯೆ Re ವೇಗವನ್ನು ಲೆಕ್ಕಕ್ಕೆ ತರುತ್ತದೆ. ಗಾಳಿಗೆ Pr ಸುಮಾರು 0.71.

1 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಬೀಳುತ್ತದೆ. ವ್ಯಾಸವನ್ನು ಮೀಟರಿಗೆ ಬದಲಿಸಿಯೇ ಲೆಕ್ಕ ಮಾಡಬೇಕು:

Re = 4 × 0.001 / 0.000015 ≈ 267
Nu ≈ 2 + 8.7 = 10.7
h = 10.7 × 0.026 / 0.001 ≈ 280 W/m²K

ಸೂತ್ರದಲ್ಲಿರುವ 2 ನಿಶ್ಚಲ ಗಾಳಿಯಲ್ಲಿ ಬರೀ ವಹನದಿಂದ ಸಾಗುವ ಪಾಲು. ಹನಿ ನಿಂತಿದ್ದರೆ h ಕೇವಲ 52. ಅಂದರೆ ಬೀಳುವುದರಿಂದಲೇ ಅದು ಐದು ಪಟ್ಟಿಗಿಂತ ಹೆಚ್ಚಾಯಿತು.

0.02 ಮಿ.ಮೀ. ಮಂಜಿನ ಹನಿಯಾದರೆ ಸೆಕೆಂಡಿಗೆ ಸುಮಾರು 1 ಸೆಂ.ಮೀ. ಮಾತ್ರ ಇಳಿಯುತ್ತದೆ. ಅದರ Nu ಹೆಚ್ಚುಕಡಿಮೆ 2 ಆಗಿಯೇ ಉಳಿಯುತ್ತದೆ. ಅಲ್ಲಿ ವೇಗವನ್ನು ಮರೆತರೂ ನಡೆಯುತ್ತದೆ. ದೊಡ್ಡ ಹನಿಗಳು ಬೀಳುವಾಗ ಚಪ್ಪಟೆಯಾಗುವುದರಿಂದ ಗೋಳದ ಈ ಲೆಕ್ಕ ಅವುಗಳಿಗೆ ಸರಿಹೊಂದದು.